ಬಲ ತೊಡೆ ಬಾಯಿಪಾಠ, ಎಡ ತೊಡೆ ಸೊನ್ನೆ

ಬಳ್ಳಾರಿಯಲ್ಲಿ ಎಂಬಿಬಿಎಸ್ ಮೊದಲ ವರ್ಷ. ಅನಾಟಮಿ ಸ್ಲೈಡುಗಳನ್ನು ಫೋನಿನಲ್ಲಿ ಸುಮ್ನೆ ತಿರುವಿ ಹಾಕುತ್ತಿದ್ದೆ. ಹೆಸರುಗಳು ಕಣ್ಣೆದುರೇ ಇರುವಾಗ ಎಲ್ಲ ಗೊತ್ತು ಅನಿಸುತ್ತದೆ, ಅಲ್ವಾ? ಮುಚ್ಚಿದಾಗಲೇ ಬಣ್ಣ ಬಯಲು.

ಹಾಗಾಗಿ ಕಾರ್ಡು ತೋರಿಸಿ ಪ್ರಶ್ನೆ ಕೇಳುವ ಆಂಕಿ ಆ್ಯಪಿಗೆ ಬಂದೆ. ಮೊದಲು ಮಾಡಿದ್ದು ತೊಡೆಯ ಮೇಲ್ಭಾಗದ ತ್ರಿಕೋನ, ಫೀಮೋರಲ್ ಟ್ರಯಾಂಗಲ್ ಸ್ಲೈಡು. ಪಿಡಿಎಫ್ ದೊಡ್ಡದು ಮಾಡಿ, Win+Shift+S ಒತ್ತಿ ಚಿತ್ರವಷ್ಟನ್ನೇ ಕತ್ತರಿಸಿಕೊಂಡೆ. ಆಂಕಿಯಲ್ಲಿ Image Occlusion ಅನ್ನುವ ನೋಟ್ ಆರಿಸಿ, ಚಿತ್ರ ಅಂಟಿಸಿ, ಪ್ರತಿ ಹೆಸರಿನ ಮೇಲೂ ಒಂದೊಂದು ಚೌಕ ಎಳೆದೆ. ಏಳು ಹೆಸರು, ಏಳು ಕಾರ್ಡು. ಗೆರೆಯನ್ನು ಮುಚ್ಚಬಾರದು, ಅದು ಯಾವುದನ್ನು ತೋರಿಸುತ್ತಿದೆ ಅನ್ನೋದೇ ಪ್ರಶ್ನೆ.

ಮೊದಲ ಸಲ Hide One, Guess One ಇಟ್ಟಿದ್ದೆ. ನರ್ವ್, ವೇನ್ ಎರಡೂ ಕಾಣುತ್ತಿವೆ, ನಡುವಿನದ್ದು ಮಾತ್ರ ಮುಚ್ಚಿದೆ. ಆರ್ಟರಿ ಅಂತ ಹೇಳೋಕೆ ಓದಿರಲೇಬೇಕಿಲ್ಲ. ಎಲ್ಲ ಸರಿ ಬರುತ್ತಿದೆ ಅಂತ ಖುಷಿಪಟ್ಟಿದ್ದೇ ಬಂತು. ಆಮೇಲೆ ಆ ಮೂರನ್ನೂ Hide All, Guess Oneಗೆ ಹಾಕಿದೆ. ತ್ರಿಕೋನದ ಗಡಿಗಳಾದ ಇಂಗ್ವೈನಲ್ ಲಿಗಮೆಂಟ್, ಸಾರ್ಟೋರಿಯಸ್, ಅಡಕ್ಟರ್ ಲಾಂಗಸ್ ಹೆಸರುಗಳನ್ನು ಮಾತ್ರ ಹಾಗೇ ಬಿಟ್ಟೆ. ಗಡಿ ಗೊತ್ತಿದ್ದರೆ ತಾನೆ ಒಳಗಿನದನ್ನು ಗುರುತಿಸೋದು? ಗಡಿಗಳಿಗೆ ಬೇರೆ ನೋಟ್ ಮಾಡಿದೆ.

ಚೌಕದ ಅಳತೆಯೂ ಉತ್ತರ ಹೇಳಿಬಿಡುತ್ತದೆ. ಉದ್ದ ಚೌಕ ಕಂಡರೆ ಅಡಕ್ಟರ್ ಲಾಂಗಸ್ ಅಂತ ಕೈ ತಾನೇ ಒತ್ತುತ್ತಿತ್ತು. ಅದಕ್ಕೆ ಈಗ ಎಲ್ಲವನ್ನೂ ಒಂದೇ ಅಳತೆಗೆ ಎಳೆಯುತ್ತೇನೆ.

ಇಷ್ಟೆಲ್ಲ ಮಾಡಿ, ಶವದ ಭಾಗಕ್ಕೆ ದಾರ ಕಟ್ಟಿ ಹೆಸರು ಕೇಳುವ ಸ್ಪಾಟರ್ ಪರೀಕ್ಷೆಯಲ್ಲಿ ಜಾರಿದೆ. ದಾರ ಕಟ್ಟಿದ್ದು ನನ್ನ ಎಡಗಡೆ ತುದಿಯದ್ದಕ್ಕೆ. ಫೀಮೋರಲ್ ನರ್ವ್ ಅಂತ ಬರೆದು ಬಂದೆ. ಹೊರಗೆ ಬಂದ ಮೇಲೆ ರಾಯಚೂರಿನ ಗೆಳೆಯ ಕೇಳಿದ: "ಲೇ, ಅದು ಎಡಗಾಲು, ನೋಡಿದ್ದಿಲ್ಲೇನು?" ಸ್ಲೈಡಿನಲ್ಲಿದ್ದದ್ದು ಬಲ ತೊಡೆ. ಅಲ್ಲಿ ನಮ್ಮ ಎಡದಿಂದ ಬಲಕ್ಕೆ ನರ್ವ್, ಆರ್ಟರಿ, ವೇನ್. ಎಡ ತೊಡೆಯಲ್ಲಿ ಉಲ್ಟಾ, ತುದಿಗೆ ವೇನ್ ಬರುತ್ತದೆ. ನಾನು ಕಲಿತದ್ದು ತೊಡೆಯನ್ನಲ್ಲ, ಆ ಚಿತ್ರವನ್ನು. ಬಣ್ಣವೂ ಕೈಕೊಟ್ಟಿತು: ಸ್ಲೈಡಿನಲ್ಲಿ ನರ್ವ್ ಹಳದಿ, ವೇನ್ ನೀಲಿ. ಡಿಸೆಕ್ಷನ್ ಹಾಲಿನಲ್ಲಿ ಎಲ್ಲ ಒಂದೇ ಮಾಸಲು ಬಣ್ಣ.

ಈಗ ಅದೇ ಚಿತ್ರವನ್ನು ಪೇಂಟಿನಲ್ಲಿ ಎಡ-ಬಲ ಅದಲುಬದಲಾಗುವಂತೆ ತಿರುಗಿಸಿ, ಕಪ್ಪು-ಬಿಳುಪು ಮಾಡಿದ ಪ್ರತಿಯಲ್ಲಿ ಇನ್ನೊಂದು ನೋಟ್ ಮಾಡುತ್ತೇನೆ. ಹೆಸರುಗಳೂ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತವೆ, ಆದರೆ ಉತ್ತರ ತಾಳೆ ನೋಡೋಕೆ ಅಷ್ಟು ಸಾಕು. ಕಾರ್ಡು ಬಂದಾಗ ಮೊದಲು "ಎಡವೋ ಬಲವೋ" ಅಂತ ಬಾಯಿಬಿಟ್ಟು ಹೇಳಿ, ಸಾರ್ಟೋರಿಯಸ್ ಯಾವ ಕಡೆ ಇದೆ ನೋಡಿ, ಅಲ್ಲಿಂದ ಒಳಕ್ಕೆ ಎಣಿಸುತ್ತೇನೆ. ಹಾಸ್ಟೆಲ್ ರೂಮಿನವರು ನಕ್ಕರೂ ಪರವಾಗಿಲ್ಲ.