ಪೌಚ್ ರೋಲ್ ಯಾವಾಗ ತರಿಸಬೇಕು? ರೀಆರ್ಡರ್ ಪಾಯಿಂಟ್ ಹಾಕುವ ಲೆಕ್ಕ

ದಾವಣಗೆರೆಯಲ್ಲಿ ಮಂಡಕ್ಕಿಗೆ ಬರ ಬರುವುದಿಲ್ಲ. ಆದರೆ ಮಂಡಕ್ಕಿ ತುಂಬುವ ಪೌಚಿಗೆ ಬರುತ್ತದೆ. ನಾನು ಸ್ಟೋರ್ಸ್ ಮತ್ತು ಖರೀದಿ ನೋಡಿಕೊಳ್ಳುವ ಪ್ಯಾಕಿಂಗ್ ಯೂನಿಟ್‌ನಲ್ಲಿ ಒಮ್ಮೆ ನಾಲ್ಕು ದಿನ ಮಷೀನ್ ಸುಮ್ನೆ ನಿಂತಿತ್ತು. ಮಂಡಕ್ಕಿ ಚೀಲಗಟ್ಟಲೆ ಇತ್ತು, ಹುಡುಗರೂ ಇದ್ದರು. ಪ್ರಿಂಟ್ ಆದ ಪೌಚ್ ರೋಲ್ ಮಾತ್ರ ಇರಲಿಲ್ಲ. ಕಂಪ್ಯೂಟರ್‌ನ ಪ್ಲಾನಿಂಗ್ ರನ್ ದಿನಾ ರಾತ್ರಿ ಓಡುತ್ತಿತ್ತು, ಆರ್ಡರ್ ಹಾಕಿ ಎಂದು ಹೇಳಿಯೂ ಇತ್ತು. ಹೇಳಿದ್ದು ತಡವಾಗಿ. ಯಾಕೆಂದರೆ ನಾವು ಅದಕ್ಕೆ ಕೊಟ್ಟಿದ್ದ ಅಂಕಿಗಳೇ ತಪ್ಪಾಗಿದ್ದವು.

ರನ್ ಮಾಡುವುದು ಇಷ್ಟೇ. ಕೈಯಲ್ಲಿರುವ ಸ್ಟಾಕಿಗೆ ಬರಬೇಕಾದದ್ದನ್ನು ಕೂಡಿಸುತ್ತದೆ, ಬೇರೆ ಕೆಲಸಕ್ಕೆ ಎತ್ತಿಟ್ಟದ್ದನ್ನು ಕಳೆಯುತ್ತದೆ. ಉಳಿದದ್ದು ರೀಆರ್ಡರ್ ಪಾಯಿಂಟಿಗೆ ಇಳಿದರೆ ಖರೀದಿ ಸೂಚನೆ ಕೊಡುತ್ತದೆ. ನಾವು ಪೌಚ್ ರೋಲಿಗೆ ಹಾಕಿದ್ದ ಪಾಯಿಂಟ್ 140 ಕೆಜಿ. ದಿನಕ್ಕೆ 20 ಕೆಜಿ ಖರ್ಚು, ಬೆಂಗಳೂರಿನ ಪ್ರಿಂಟರ್ ಹೇಳಿದ್ದು 7 ದಿನ. ಗುಣಿಸಿದರೆ 140 ಸರಿಯೇ. ಆದರೆ ರೋಲ್ ಕೈಗೆ ಸಿಕ್ಕಿದ್ದು 11ನೇ ದಿನ.

ಮೊದಲು ಲೀಡ್ ಟೈಮ್

ಸಪ್ಲೈಯರ್ ಹೇಳುವ ದಿನ ಅವರ ಕೆಲಸದ ದಿನ. ನಮಗೆ ಬೇಕಾದದ್ದು ಸೂಚನೆ ಬಂದ ದಿನದಿಂದ ಮಾಲು ಮಷೀನಿಗೆ ಹಾಕಲು ತಯಾರಾಗುವವರೆಗಿನ ದಿನ. ಸೂಚನೆ ನೋಡಿ ಯಜಮಾನರು ಸಹಿ ಹಾಕಲು ಒಂದು ದಿನ. ಪ್ರಿಂಟಿಂಗ್ 7 ದಿನ. ಲಾರಿಗೆ ಒಂದು ರಾತ್ರಿ ಸಾಕು, ಆದರೆ ಟ್ರಾನ್ಸ್‌ಪೋರ್ಟ್ ಗೋಡೌನ್‌ನಿಂದ ಮಾಲು ಬಿಡಿಸಿಕೊಂಡು ಬರಲು ಇನ್ನೊಂದು ದಿನ. ಆಮೇಲೆ ತೂಕ ಹಾಕಿ, ಸೀಲ್ ಕೂರುತ್ತದಾ ಎಂದು ಮಷೀನಿನಲ್ಲಿ ನೋಡಲು ಮತ್ತೊಂದು. ಇವೆಲ್ಲ ಸೇರಿಯೇ ಲೀಡ್ ಟೈಮ್.

ಹಾಗಾಗಿ ಯಾರನ್ನೂ ಕೇಳಬೇಡಿ, ಹಳೆಯ ಫೈಲ್ ತೆಗೆಯಿರಿ. ನಾನು ಹಿಂದಿನ ಏಳು ಆರ್ಡರ್‌ಗಳ ತಾರೀಖು ಬರೆದುಕೊಂಡೆ: 9, 10, 12, 10, 11, 14 ಮತ್ತು 25 ದಿನ.

ಆ 25 ಕಣ್ಣಿಗೆ ಹೊಡೆಯುತ್ತದೆ ಅಲ್ವಾ? ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾರಣ ಹುಡುಕಿದೆ. ಆ ಸಲ ಪೌಚಿನ ಡಿಸೈನ್ ಬದಲಾಗಿತ್ತು, ಪ್ರಿಂಟಿಂಗ್ ಸಿಲಿಂಡರ್ ಹೊಸದಾಗಿ ಮಾಡಿಸಬೇಕಾಯಿತು. ಡಿಸೈನ್ ಬದಲಾಯಿಸುವವರು ನಾವೇ, ಅದು ನಮಗೆ ಮೊದಲೇ ಗೊತ್ತಿರುತ್ತದೆ. ಅಂಥ ಆರ್ಡರನ್ನು ಕೈಯಾರೆ ಮುಂಚೆ ಹಾಕಬಹುದು. ಆದ್ದರಿಂದ ಅದನ್ನು ಲೆಕ್ಕದಿಂದ ಬಿಟ್ಟೆ. ಆದರೆ 14 ದಿನದ್ದನ್ನು ಬಿಡಲಿಲ್ಲ. ಲಾರಿ ತಡವಾಗಿದ್ದಕ್ಕೆ ಹಾಗಾಗಿತ್ತು, ಮತ್ತೆ ಯಾವಾಗ ಬೇಕಾದರೂ ಆಗಬಹುದು. ಮೊದಲೇ ತಿಳಿಯುವ ತಡವನ್ನು ಬಿಡಿ, ಹೇಳದೆ ಬರುವ ತಡವನ್ನು ಇಟ್ಟುಕೊಳ್ಳಿ. ಉಳಿದ ಆರರ ಸರಾಸರಿ 11 ದಿನ, ಹೆಚ್ಚೆಂದರೆ 14.

ಆಮೇಲೆ ಸೇಫ್ಟಿ ಸ್ಟಾಕ್

ಮಾಲು ತಡವಾದರೂ ಖರ್ಚು ಜಾಸ್ತಿಯಾದರೂ ಮಷೀನ್ ನಿಲ್ಲದಿರಲಿ ಎಂದು ಇಟ್ಟುಕೊಳ್ಳುವ ಹೆಚ್ಚುವರಿ ಮಾಲೇ ಸೇಫ್ಟಿ ಸ್ಟಾಕ್. ನಮ್ಮ ತಿಂಗಳ ಖರ್ಚು 600 ಕೆಜಿ. ಇದನ್ನು 30ರಿಂದ ಭಾಗಿಸಬೇಕು. ಕೆಲಸದ ದಿನ 26 ಎಂದು 26ರಿಂದ ಭಾಗಿಸಿದರೆ ದಿನಕ್ಕೆ 23 ಬರುತ್ತದೆ. ಆದರೆ ಲೀಡ್ ಟೈಮ್ ಎಣಿಸುವಾಗ ಭಾನುವಾರವನ್ನೂ ಸೇರಿಸಿದ್ದೇವೆ. ಎರಡೂ ಕಡೆ ಒಂದೇ ಥರ ಎಣಿಸದಿದ್ದರೆ ಲೆಕ್ಕ ಉಬ್ಬುತ್ತದೆ.

ಇನ್ನು ಜಾಸ್ತಿ ಖರ್ಚು. ಜಾತ್ರೆಯ ಹಿಂದಿನ ದಿನ 40 ಕೆಜಿ ಓಡಿತ್ತು ಎಂದು 40 ಹಾಕಬೇಡಿ. ಹಾಗೆ ಎರಡು ವಾರ ಪೂರ್ತಿ ಓಡುವುದಿಲ್ಲ. ಅತಿ ಹೆಚ್ಚು ಖರ್ಚಾದ ಎರಡು ವಾರದ ಸರಾಸರಿ ನೋಡಿ. ನಮ್ಮಲ್ಲಿ ಅದು ದಿನಕ್ಕೆ 26 ಕೆಜಿ.

```
ಸೇಫ್ಟಿ ಸ್ಟಾಕ್ = (26 × 14) − (20 × 11) = 144
ರೀಆರ್ಡರ್ ಪಾಯಿಂಟ್ = (20 × 11) + 150 = 370
```

144ನ್ನು 150 ಮಾಡಿಕೊಂಡೆ. ಆ 25 ದಿನವನ್ನು ಬಿಡದೆ ಇದ್ದಿದ್ದರೆ ಪಾಯಿಂಟ್ 650 ಆಗುತ್ತಿತ್ತು. ನಿಜ ಹೇಳಬೇಕೆಂದರೆ, ಮಷೀನ್ ನಿಂತ ಮೇಲೆ ಗಾಬರಿಯಲ್ಲಿ ನಾವು ಮೊದಲು ಹಾಕಿದ್ದು 700. ಲೀಡ್ ಟೈಮ್ 20, ಸೇಫ್ಟಿ 300, ಎರಡೂ ಕಡೆ ಭಯಕ್ಕೆ ಏರಿಸಿದ್ದು. ಆಮೇಲೆ ಪ್ಯಾಕೆಟ್ಟಿನ ಬೆಲೆ ಬದಲಾಯಿತು. ಹಳೆಯ ಬೆಲೆ ಪ್ರಿಂಟ್ ಆದ ರೋಲ್‌ಗಳು ಮೂಲೆಯಲ್ಲಿ ಉಳಿದವು. ಅನುಮಾನಕ್ಕೆ ಜಾಗ ಕೊಡಬೇಕಾದದ್ದು ಒಂದೇ ಕಡೆ, ಸೇಫ್ಟಿ ಸ್ಟಾಕಿನಲ್ಲಿ. ಲೀಡ್ ಟೈಮ್ ಇದ್ದದ್ದು ಇದ್ದ ಹಾಗೇ ಇರಲಿ.

ಸಿಸ್ಟಮ್‌ನಲ್ಲಿ ಹಾಕುವಾಗ

ನಾವು ಬಳಸುವುದು ERPNext. ಐಟಂ ಪುಟದಲ್ಲಿ `Lead Time in days` ಮತ್ತು `Safety Stock` ಇರುತ್ತವೆ. ಅಲ್ಲಿ ತುಂಬಿದರೆ ಪಾಯಿಂಟ್ ತಾನೇ ಬದಲಾಗುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಇಲ್ಲ. ದಿನದ ಆಟೋ ರೀಆರ್ಡರ್ ನೋಡುವುದು `Re-order Level` ಅನ್ನು, ಅಲ್ಲಿ ಸೇಫ್ಟಿ ಸೇರಿಸಿದ 370ನ್ನು ನಾವೇ ಬರೆಯಬೇಕು. `Re-order Qty` ನಮಗೆ 300, ಪ್ರಿಂಟರ್ ಅದಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ. 370ಕ್ಕೆ ಸೂಚನೆ ಬಂದು 300 ಹಾಕಿದರೆ ರನ್ನಿನ ಕಣ್ಣಿಗೆ 670. ಮಾಲು ಬರುವ ಹೊತ್ತಿಗೆ ಅದು 450ಕ್ಕೆ ಇಳಿದಿರುತ್ತದೆ, ಮಧ್ಯದಲ್ಲಿ ಎರಡನೇ ಸೂಚನೆ ಏಳುವುದಿಲ್ಲ.

ರನ್ ದಿನಾ ಓಡದೆ ಸೋಮವಾರ ಮಾತ್ರ ಓಡುತ್ತದೆಯೇ? ಹಾಗಿದ್ದರೆ ಮಂಗಳವಾರ ಪಾಯಿಂಟ್ ದಾಟಿದ್ದು ಆರು ದಿನ ಯಾರಿಗೂ ಕಾಣುವುದಿಲ್ಲ. ಆ ಆರು ದಿನದ 120 ಕೆಜಿಯನ್ನೂ ಪಾಯಿಂಟಿಗೆ ಸೇರಿಸಬೇಕಾಗುತ್ತದೆ. ಅದಕ್ಕಿಂತ ದಿನಾ ಓಡಿಸುವುದೇ ಒಳ್ಳೆಯದು.

ಅಂಕಿ ಸರಿಯಿದ್ದೂ ರನ್ ಸುಮ್ಮನಿದ್ದರೆ

370 ಹಾಕಿ ಎರಡು ತಿಂಗಳಿಗೆ ಹೀಗೂ ಆಯಿತು. ಒಂದು ದಿನ ರ್‍ಯಾಕ್‌ನಲ್ಲಿ ಇದ್ದದ್ದು 330 ಕೆಜಿ, ಆದರೂ ಸೂಚನೆ ಇಲ್ಲ. ಪರದೆಯಲ್ಲಿ ರನ್ ಕೂಡಿಸಿ ಕಳೆದು ನೋಡುವ `Projected Qty` 440 ತೋರಿಸುತ್ತಿತ್ತು. ಆ ಜಾಸ್ತಿ 110 ಎಲ್ಲಿಂದ ಬಂತು?

ಪ್ರಿಂಟ್ ರೋಲಿನ ಧಂದೆಯಲ್ಲಿ 300 ಕೇಳಿದರೆ 270 ಬರಬಹುದು, 320 ಕೂಡ ಬರಬಹುದು. ಬಂದಷ್ಟಕ್ಕೆ ಬಿಲ್, ಅಲ್ಲಿಗೆ ಮುಗಿಯಿತು. ನಮ್ಮ ಮಟ್ಟಿಗೆ ಮುಗಿಯಿತು, ಸಿಸ್ಟಮ್ಮಿಗೆ ಮುಗಿಯಲಿಲ್ಲ. ನಾಲ್ಕು ಹಳೆಯ ಆರ್ಡರ್‌ಗಳಲ್ಲಿ 25, 30, 20, 35 ಕೆಜಿ ಬಾಕಿ ಹಾಗೇ ನಿಂತಿತ್ತು. ಎಂದೂ ಬರದ ಆ ಮಾಲನ್ನು ರನ್ ನಾಳೆ ಬರುತ್ತದೆ ಎಂದೇ ಎಣಿಸುತ್ತಿತ್ತು. 110 ಕೆಜಿ ಅಂದರೆ ಐದೂವರೆ ದಿನದ ಖರ್ಚು. ಅಷ್ಟು ದಿನ ಸೂಚನೆ ತಡ. ನಮ್ಮ 150ರ ಸೇಫ್ಟಿಯಲ್ಲಿ ಮುಕ್ಕಾಲು ಪಾಲು ಹೀಗೆ ಸದ್ದಿಲ್ಲದೆ ಕರಗಿತ್ತು. ನಾಲ್ಕೂ ಆರ್ಡರ್‌ಗಳನ್ನು `Close` ಮಾಡಿದೆ, ಅದೇ ರಾತ್ರಿ ಸೂಚನೆ ಬಂತು. ಈಗ ಶನಿವಾರ ಸಂಜೆ ಬಾಕಿ ಆರ್ಡರ್ ಪಟ್ಟಿ ತೆಗೆದು, ತಾರೀಖು ದಾಟಿದ ಒಂದೊಂದಕ್ಕೂ ಫೋನ್ ಮಾಡುತ್ತೇನೆ. ಬರುವುದಿದ್ದರೆ ಹೊಸ ತಾರೀಖು, ಇಲ್ಲದಿದ್ದರೆ ಕ್ಲೋಸ್.

ಈ ಲೆಕ್ಕ ಹೆಚ್ಚುಕಡಿಮೆ ಒಂದೇ ಸಮ ಓಡುವ ಐಟಂಗಳಿಗೆ. ವರ್ಷಕ್ಕೆ ಎರಡು ಸಲ ಮಾತ್ರ ಬೇಕಾಗುವ ಮಷೀನಿನ ಬಿಡಿಭಾಗಕ್ಕೆ ಸರಾಸರಿ ತೆಗೆದು ಏನೂ ಸಿಗುವುದಿಲ್ಲ. ಅದನ್ನು ಒಂದು ತಂದು ಇಟ್ಟುಕೊಳ್ಳಿ, ಬಳಸಿದ ದಿನವೇ ಇನ್ನೊಂದಕ್ಕೆ ಹೇಳಿ.

ಹಾಕಿದ ಅಂಕಿ ಸರಿಯೇ ಎಂದು ತಿಳಿಯಲು ನಾನು ಮಾಡುವುದು ಒಂದು ಸಣ್ಣ ಕೆಲಸ. ಹೊಸ ರೋಲ್ ಗೇಟಿನೊಳಗೆ ಬಂದಾಗ ರ್‍ಯಾಕ್‌ನಲ್ಲಿ ಎಷ್ಟು ಕೆಜಿ ಉಳಿದಿದೆ ಎಂದು ಚಲನ್ ಮೇಲೆ ಪೆನ್ನಿನಲ್ಲಿ ಬರೆಯುತ್ತೇನೆ. 150ರ ಆಸುಪಾಸು ಇರಬೇಕು, ಒಮ್ಮೊಮ್ಮೆ 60, ಒಮ್ಮೊಮ್ಮೆ 200. ಕಳೆದ ಐದು ಚಲನ್‌ಗಳಲ್ಲಿ ಇರುವುದು 160, 130, 190, 70, 145. ಐದೂ ಸಲ 200 ದಾಟಿದ್ದರೆ ಪಾಯಿಂಟ್ ಇಳಿಸುತ್ತಿದ್ದೆ. ಎರಡು ಸಲ 30ಕ್ಕೆ ಇಳಿದಿದ್ದರೆ ಮತ್ತೆ ಫೈಲ್ ತೆಗೆದು ತಾರೀಖು ಎಣಿಸಲು ಕೂರುತ್ತಿದ್ದೆ.