ಊಟ ಹೆಚ್ಚಿಯೂ ತೂಕ ಇಳಿದಾಗ: ಅತಿ ಥೈರಾಯ್ಡ್ ಅನ್ನು ಗುರುತಿಸಿ ಪರೀಕ್ಷಿಸುವ ನನ್ನ ಅನುಭವ

ಕೈ ನಡುಕ, ಬೆವರು, ಎದೆಬಡಿತ ಎಂದು ಹೇಳಿಕೊಂಡು ನನ್ನ ಬಳಿಗೆ ಬರುವವರಲ್ಲಿ ಅನೇಕರಿಗೆ ಥೈರಾಯ್ಡ್ ತೊಂದರೆ ಇರುವುದಿಲ್ಲ. ಆದರೆ ಅದರ ಜೊತೆಗೆ ‘ಊಟ ಮೊದಲಿಗಿಂತ ಜಾಸ್ತಿಯಾಗಿದೆ, ಆದರೂ ಬಟ್ಟೆ ಸಡಿಲವಾಗುತ್ತಿದೆ’ ಎಂಬ ಮಾತು ಬಂದರೆ ನಾನು ಆ ದಿಕ್ಕಿನಲ್ಲಿ ಹುಡುಕಲು ಆರಂಭಿಸುತ್ತೇನೆ. ತೂಕ ಇಳಿಸುವ ಬಹುತೇಕ ಕಾಯಿಲೆಗಳಲ್ಲಿ ಹಸಿವೂ ಕುಗ್ಗುತ್ತದೆ. ಹಸಿವು ಚೆನ್ನಾಗಿದ್ದೂ ತೂಕ ಇಳಿಯುವ ಕಾರಣಗಳು ಕೆಲವೇ. ಹತೋಟಿ ತಪ್ಪಿದ ಮಧುಮೇಹ, ತಿಂದದ್ದು ಕರುಳಿನಲ್ಲಿ ಹೀರಿಕೊಳ್ಳದಿರುವ ತೊಂದರೆ ಮತ್ತು ಅತಿಯಾಗಿ ಕೆಲಸ ಮಾಡುವ ಥೈರಾಯ್ಡ್ ಗ್ರಂಥಿ ಅವುಗಳಲ್ಲಿ ಮುಖ್ಯವಾದವು. ಆದ್ದರಿಂದ ಥೈರಾಯ್ಡ್ ಪರೀಕ್ಷೆಯ ಜೊತೆಗೆ ರಕ್ತದ ಸಕ್ಕರೆಯನ್ನೂ ನೋಡಿಸುತ್ತೇನೆ.

ಮೂವತ್ನಾಲ್ಕು ವರ್ಷದ ಒಬ್ಬ ಶಿಕ್ಷಕಿಯ ವಿಷಯವನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ಮೂರು ತಿಂಗಳಲ್ಲಿ ಅವರ ತೂಕ 61 ಕಿಲೋದಿಂದ 55ಕ್ಕೆ ಇಳಿದಿತ್ತು. ಬೋರ್ಡಿನ ಮೇಲೆ ಬರೆಯುವಾಗ ಅಕ್ಷರ ಅಲುಗುತ್ತದೆ, ರಾತ್ರಿ ದಿಂಬು ಬೆವರಿನಿಂದ ಒದ್ದೆಯಾಗುತ್ತದೆ, ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ ಎಂದರು. ಕೆಲಸದ ಒತ್ತಡವೇ ಇದಕ್ಕೆಲ್ಲ ಕಾರಣವೆಂದು ಅವರು ನಂಬಿದ್ದರು.

ಆತಂಕವನ್ನೂ ಅತಿ ಥೈರಾಯ್ಡನ್ನೂ ಬೇರ್ಪಡಿಸಲು ನಾನು ಮೊದಲು ಅಂಗೈ ಹಿಡಿದು ನೋಡುತ್ತೇನೆ. ಆತಂಕದಿಂದ ಬೆವರುವ ಅಂಗೈ ಸಾಮಾನ್ಯವಾಗಿ ತಣ್ಣಗಿರುತ್ತದೆ. ಥೈರಾಯ್ಡ್ ಹಾರ್ಮೋನು ಹೆಚ್ಚಿದಾಗ ದೇಹದಲ್ಲಿ ಶಾಖ ಹೆಚ್ಚು ಹುಟ್ಟಿ, ಅದನ್ನು ಹೊರಹಾಕಲು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ ಅಂಗೈ ಬೆಚ್ಚಗೂ ಒದ್ದೆಯಾಗಿಯೂ ಇರುತ್ತದೆ. ಇವರ ಅಂಗೈ ಎರಡನೆಯ ಬಗೆಯದಾಗಿತ್ತು. ಕೈ ಮುಂದಕ್ಕೆ ಚಾಚಿಸಿ, ಬೆರಳುಗಳ ಮೇಲೆ ಒಂದು ತೆಳುವಾದ ಕಾಗದವನ್ನಿಟ್ಟಾಗ ಕಣ್ಣಿಗೆ ಅಷ್ಟಾಗಿ ಕಾಣದಿದ್ದ ನಡುಕ ಕಾಗದದ ಅಂಚಿನಲ್ಲಿ ಸ್ಪಷ್ಟವಾಗಿ ಕಂಡಿತು. ಕೈಯೂರದೆ ಕುರ್ಚಿಯಿಂದ ಏಳಲು ಹೇಳಿದಾಗ ಅವರು ತಡವರಿಸಿದರು. ತೊಡೆಯ ಸ್ನಾಯುಗಳು ಸೊರಗಿರುವುದಕ್ಕೆ ಅದು ಗುರುತು.

ಅವರನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿದ ಮೇಲೆ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿದೆ: 112. ವೈದ್ಯರ ಮುಂದೆ ಕುಳಿತಾಗ ನಾಡಿ ಏರುವುದು ಸಹಜವಾದ್ದರಿಂದ, ಗಾಢ ನಿದ್ರೆಯಲ್ಲಿರುವಾಗ ಎಣಿಸಿ ತಿಳಿಸುವಂತೆ ಅವರ ಪತಿಯನ್ನು ಕೇಳಿಕೊಂಡೆ. ಆತಂಕದವರ ನಾಡಿ ನಿದ್ರೆಯಲ್ಲಿ ಇಳಿಯುತ್ತದೆ, ಇವರದು 96ರಲ್ಲೇ ಉಳಿದಿತ್ತು. ನಾಡಿಯ ಲಯವನ್ನೂ ಗಮನಿಸುತ್ತೇನೆ. ಲಯ ತಪ್ಪಿದ್ದರೆ ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿಯಾಗಿ ಅದುರುತ್ತಿರಬಹುದು, ಆಗ ಇಸಿಜಿ ತಡಮಾಡುವಂತಿಲ್ಲ. ವಯಸ್ಸಾದವರಲ್ಲಿ ನಡುಕ, ಬೆವರು, ಹೆಚ್ಚಿದ ಹಸಿವು ಯಾವುದೂ ಇಲ್ಲದೆ, ತೂಕ ಇಳಿತ ಮತ್ತು ಲಯ ತಪ್ಪಿದ ನಾಡಿ ಇವೆರಡೇ ಕಾಣಿಸಿಕೊಳ್ಳುವುದುಂಟು.

ಒಂದು ಗುಟುಕು ನೀರು ನುಂಗುವಾಗ ಕುತ್ತಿಗೆಯನ್ನು ಗಮನಿಸಿದರೆ ಥೈರಾಯ್ಡ್ ಗ್ರಂಥಿ ಮೇಲಕ್ಕೆ ಸರಿದು ತನ್ನ ಆಕಾರವನ್ನು ತೋರಿಸುತ್ತದೆ. ಇವರ ಗ್ರಂಥಿ ಎರಡೂ ಬದಿಯಲ್ಲಿ ಸಮನಾಗಿ ಊದಿಕೊಂಡಿತ್ತು, ಒತ್ತಿದರೆ ನೋವಿರಲಿಲ್ಲ. ಅದರ ಮೇಲೆ ಸ್ಟೆತಸ್ಕೋಪ್ ಇಟ್ಟಾಗ ರಕ್ತ ರಭಸದಿಂದ ಹರಿಯುವ ಮೆಲ್ಲನೆಯ ಸದ್ದು ಕೇಳಿಸಿತು.

ರಕ್ತ ಪರೀಕ್ಷೆಗೆ ಬರೆಯುವ ಮುನ್ನ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ‘ಬೇರೆ ಏನಾದರೂ ಮಾತ್ರೆ, ವಿಟಮಿನ್ ತೆಗೆದುಕೊಳ್ಳುತ್ತಿದ್ದೀರಾ?’ ಅವರು ಸ್ವಲ್ಪ ಯೋಚಿಸಿ, ‘ಕೂದಲು ತುಂಬಾ ಉದುರುತ್ತಿತ್ತು ಡಾಕ್ಟ್ರೇ, ಅದಕ್ಕೆ ಒಂದು ಮಾತ್ರೆ ತಗೋತಿದ್ದೀನಿ. ಔಷಧಿ ಏನಲ್ಲ, ವಿಟಮಿನ್ ಅಷ್ಟೆ’ ಎಂದರು. ಚೀಟಿ ನೋಡಿದಾಗ ಅದು 10 ಮಿಲಿಗ್ರಾಂ ಬಯೋಟಿನ್ ಮಾತ್ರೆ. ಅನೇಕ ಪ್ರಯೋಗಾಲಯಗಳ ಯಂತ್ರಗಳು ಹಾರ್ಮೋನನ್ನು ಅಳೆಯಲು ಬಯೋಟಿನ್ನನ್ನೇ ಕೊಂಡಿಯಾಗಿ ಬಳಸುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿಕೊಂಡಿದ್ದರೆ ಆ ಕೊಂಡಿಗಳ ಜಾಗವನ್ನು ಅದು ಆಕ್ರಮಿಸುವುದರಿಂದ ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ನಿಜಕ್ಕೂ ಇಳಿಯದಿದ್ದರೂ ಇಳಿದಂತೆ, ಥೈರಾಯ್ಡಿನ ಹಾರ್ಮೋನುಗಳಾದ ಟಿ3 ಮತ್ತು ಟಿ4 ಏರದಿದ್ದರೂ ಏರಿದಂತೆ ಯಂತ್ರ ತೋರಿಸಬಲ್ಲದು. ಏನೂ ತೊಂದರೆಯಿಲ್ಲದವರ ವರದಿಯೂ ಆಗ ಅತಿ ಥೈರಾಯ್ಡಿನ ವರದಿಯಂತೆಯೇ ಕಾಣುತ್ತದೆ. ಕನಿಷ್ಠ ಎರಡು ದಿನ ಆ ಮಾತ್ರೆ ನಿಲ್ಲಿಸಿದ ನಂತರವೇ ರಕ್ತ ಕೊಡಬೇಕು. ಇಷ್ಟು ದೊಡ್ಡ ಪ್ರಮಾಣ ತೆಗೆದುಕೊಳ್ಳುತ್ತಿದ್ದ ಇವರಿಗೆ ಇನ್ನೂ ಸ್ವಲ್ಪ ಹೆಚ್ಚು ದಿನ ಬಿಡಲು ಹೇಳಿದೆ. ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲ.

ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯ ಹಾರ್ಮೋನಲ್ಲ. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ, ಥೈರಾಯ್ಡಿಗೆ ಕೆಲಸ ಹೇಳಲು ಅದನ್ನು ಸ್ರವಿಸುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕೊಂಚ ಹೆಚ್ಚಿದರೂ ಪಿಟ್ಯುಟರಿ ಟಿಎಸ್‌ಎಚ್ ಅನ್ನು ಬಹಳಷ್ಟು ತಗ್ಗಿಸಿಬಿಡುವುದರಿಂದ ಮೊದಲ ಸುಳಿವು ಅಲ್ಲೇ ಸಿಗುತ್ತದೆ. ಬಹುತೇಕ ಪ್ರಯೋಗಾಲಯಗಳಲ್ಲಿ ಇದರ ಸಹಜ ಮಟ್ಟ ಸುಮಾರು 0.4ರಿಂದ 4. ಇವರದು 0.01ಕ್ಕಿಂತ ಕಡಿಮೆ ಇತ್ತು. ರಕ್ತದ ಪ್ರೋಟೀನಿಗೆ ಅಂಟಿಕೊಳ್ಳದೆ ಉಳಿದ ಸ್ವತಂತ್ರ ಟಿ4 ಸಹಜ ಮಿತಿಯ ಎರಡರಷ್ಟಕ್ಕೂ ಮೇಲಿತ್ತು, ಟಿ3 ಕೂಡ ಏರಿತ್ತು. ಟಿಎಸ್‌ಎಚ್ ಕೆಳಗಿದ್ದು ಟಿ4 ಸಹಜವಾಗಿದ್ದರೆ ಟಿ3 ನೋಡದೆ ಮುಗಿಸಬಾರದು, ಏಕೆಂದರೆ ಕೆಲವರಲ್ಲಿ ಟಿ3 ಮಾತ್ರ ಏರಿರುತ್ತದೆ.

ವರದಿ ಖಚಿತವಾಯಿತು, ಆದರೆ ಗ್ರಂಥಿ ಹಾರ್ಮೋನನ್ನು ಅತಿಯಾಗಿ ತಯಾರಿಸುತ್ತಿದೆಯೇ ಅಥವಾ ಉರಿಯೂತದಿಂದ ಒಡೆದು ಕೂಡಿಟ್ಟದ್ದನ್ನು ಸೋರಿಸುತ್ತಿದೆಯೇ ಎಂಬುದನ್ನು ಈ ಮೂರು ಅಂಕಿಗಳು ಹೇಳುವುದಿಲ್ಲ. ನನ್ನ ಮಟ್ಟಿಗೆ ಇಡೀ ತಪಾಸಣೆಯ ತಿರುಳು ಇದೇ. ಹಾರ್ಮೋನಿನ ತಯಾರಿಕೆಯನ್ನು ತಡೆಯುವ ಕಾರ್ಬಿಮಜೋಲ್‌ನಂತಹ ಔಷಧಿ ಮೊದಲನೆಯದಕ್ಕೆ ಸರಿ. ಎರಡನೆಯದರಲ್ಲಿ ಹೊಸದಾಗಿ ತಯಾರಾಗುವುದೇ ಇಲ್ಲವಾದ್ದರಿಂದ ಅದರಿಂದ ಉಪಯೋಗವಿಲ್ಲ. ಕೆಲವು ವಾರಗಳಲ್ಲಿ ಸೋರಿಕೆ ತಾನಾಗಿ ನಿಂತು, ಹಲವರಲ್ಲಿ ಹಾರ್ಮೋನು ಕೆಲಕಾಲ ಸಹಜಕ್ಕಿಂತಲೂ ಕಡಿಮೆಯಾಗುತ್ತದೆ. ಜ್ವರದೊಂದಿಗೆ ಕುತ್ತಿಗೆ ಮುಟ್ಟಿದರೆ ನೋಯುತ್ತಿದ್ದರೆ, ಅಥವಾ ಹೆರಿಗೆಯಾಗಿ ಕೆಲವೇ ತಿಂಗಳಾಗಿದ್ದರೆ ನಾನು ಸೋರಿಕೆಯ ಸಾಧ್ಯತೆಯನ್ನು ಮುಖ್ಯವಾಗಿ ಯೋಚಿಸುತ್ತೇನೆ.

ಇವರಿಗೆ, ಥೈರಾಯ್ಡ್ ಕೋಶಗಳ ಮೇಲೆ ಟಿಎಸ್‌ಎಚ್ ಬಂದು ಕೂರುವ ಗ್ರಾಹಕಗಳ ವಿರುದ್ಧದ ಪ್ರತಿಕಾಯ ಪರೀಕ್ಷೆ ಮಾಡಿಸಿದೆ. ಗ್ರೇವ್ಸ್ ಕಾಯಿಲೆಯಲ್ಲಿ ದೇಹವೇ ಹುಟ್ಟಿಸುವ ಈ ಪ್ರತಿಕಾಯಗಳು ಟಿಎಸ್‌ಎಚ್‌ನ ಜಾಗದಲ್ಲಿ ಕುಳಿತು ಗ್ರಂಥಿಯನ್ನು ಬಿಡುವಿಲ್ಲದೆ ದುಡಿಸುತ್ತವೆ. ಇವರ ಫಲಿತಾಂಶ ಮಿತಿಗಿಂತ ಬಹಳ ಮೇಲಿತ್ತು. ಈ ಪರೀಕ್ಷೆಯನ್ನೂ ಬಯೋಟಿನ್ ಕೆಡಿಸಬಲ್ಲದು, ಆದ್ದರಿಂದ ಆ ಮಾತ್ರೆ ನಿಲ್ಲಿಸಿದ ನಂತರದ ರಕ್ತದಲ್ಲೇ ಇದನ್ನೂ ಮಾಡಿಸಿದ್ದೆ.

ಪ್ರತಿಕಾಯ ಸಿಗದಿದ್ದರೆ, ಅಥವಾ ಕೈಗೆ ಗಂಟು ಸಿಕ್ಕರೆ, ವಿಕಿರಣದ ಸ್ಕ್ಯಾನ್ ಮಾಡಿಸುತ್ತೇನೆ. ಗ್ರೇವ್ಸ್‌ನಲ್ಲಿ ಗ್ರಂಥಿ ಇಡಿಯಾಗಿ ವಿಕಿರಣ ವಸ್ತುವನ್ನು ಹೀರಿಕೊಳ್ಳುತ್ತದೆ, ಸೋರಿಕೆಯಲ್ಲಿ ಬಹುತೇಕ ಹೀರಿಕೊಳ್ಳುವುದಿಲ್ಲ, ಅತಿಯಾಗಿ ದುಡಿಯುವ ಗಂಟಿದ್ದರೆ ಅದೊಂದೇ ಬೆಳಗುತ್ತದೆ. ಗರ್ಭಿಣಿಯರಿಗೆ ಈ ಸ್ಕ್ಯಾನ್ ಮಾಡುವಂತಿಲ್ಲ. ಬಸುರಿನ ಮೊದಲ ತಿಂಗಳುಗಳಲ್ಲಿ ಟಿಎಸ್‌ಎಚ್ ಸಹಜವಾಗಿಯೇ ಇಳಿಯುವುದೂ ಇರುವುದರಿಂದ, ಮುಟ್ಟು ತಪ್ಪಿದೆಯೇ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಸಿಟಿ ಸ್ಕ್ಯಾನಿಗಾಗಿ ಇತ್ತೀಚೆಗೆ ಅಯೋಡಿನ್ ಇರುವ ದ್ರವವನ್ನು ಚುಚ್ಚಿದ್ದರೂ ಕೆಲವು ವಾರಗಳವರೆಗೆ ಫಲಿತಾಂಶವನ್ನು ನಂಬುವಂತಿಲ್ಲ.

ಔಷಧಿ ಆರಂಭಿಸುವ ಮುನ್ನ ಬಿಳಿ ರಕ್ತಕಣಗಳ ಎಣಿಕೆ ಮತ್ತು ಯಕೃತ್ತಿನ ಪರೀಕ್ಷೆ ಮಾಡಿಸಿದೆ, ಏಕೆಂದರೆ ಕಾರ್ಬಿಮಜೋಲ್ ಅಪರೂಪಕ್ಕೆ ಎರಡನ್ನೂ ಕೆಡಿಸಬಹುದು. ಔಷಧಿ ನಡೆಯುವಾಗ ಜ್ವರದೊಂದಿಗೆ ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ಬಿಳಿ ಕಣಗಳ ಎಣಿಕೆ ಮಾಡಿಸಬೇಕೆಂದು ಅವರಿಗೂ ಅವರ ಪತಿಗೂ ತಿಳಿಸಿದೆ. ಸುಮಾರು ಆರು ವಾರಗಳ ನಂತರ ಅವರ ಟಿ4 ಸಹಜ ಮಟ್ಟಕ್ಕೆ ಬಂದಿತ್ತು, ಟಿಎಸ್‌ಎಚ್ ಮಾತ್ರ ಇನ್ನೂ 0.01ರಲ್ಲೇ ಇತ್ತು. ಬಹುಕಾಲ ಅದುಮಿಟ್ಟಿದ್ದ ಪಿಟ್ಯುಟರಿ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಆ ಅಂಕಿಯನ್ನು ಕಂಡು ಔಷಧಿ ಹೆಚ್ಚಿಸಿದರೆ ಥೈರಾಯ್ಡ್ ಹಾರ್ಮೋನು ಬೇಕಾದ್ದಕ್ಕಿಂತ ಕೆಳಗಿಳಿದುಬಿಡುತ್ತದೆ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಟಿ4 ಮತ್ತು ಟಿ3 ನೋಡಿಯೇ ಮಾತ್ರೆಯ ಪ್ರಮಾಣವನ್ನು ನಿರ್ಧರಿಸುತ್ತೇನೆ.