ಶಾಲಾ ದಂತ ತಪಾಸಣೆ: ಚೀಟಿ ಕೊಟ್ಟ ನಂತರದ ಕೆಲಸ

ಜಗಳೂರು ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಉಚಿತ ದಂತ ತಪಾಸಣೆ ನಡೆಸುವಾಗ ನಾನು ಮೊದಲು ಗೊತ್ತು ಮಾಡಿಕೊಳ್ಳುವುದು ಶಿಬಿರದ ದಿನವನ್ನಲ್ಲ, ಚಿಕಿತ್ಸೆಯ ದಿನವನ್ನು. ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಆದರೂ ಯಾವ ದಿನ ಬರಬೇಕು, ಯಾರನ್ನು ಕೇಳಬೇಕು ಎಂಬುದು ತಿಳಿಯದಿದ್ದರೆ, ದಿನದ ಕೂಲಿ ಬಿಟ್ಟು ಮಗುವನ್ನು ಕರೆದುಕೊಂಡು ಬರಲು ಯಾವ ತಾಯಿಗೆ ಮನಸ್ಸಾದೀತು?

ಒಪ್ಪಿಗೆ ಪತ್ರವನ್ನು ಒಂದು ವಾರ ಮುಂಚೆಯೇ ಮುಖ್ಯ ಶಿಕ್ಷಕರ ಮೂಲಕ ಮನೆಗಳಿಗೆ ಕಳುಹಿಸುತ್ತೇನೆ. ಹೃದಯದ ತೊಂದರೆ, ಗಾಯವಾದರೆ ರಕ್ತ ನಿಲ್ಲದಿರುವುದು, ಔಷಧಿಯ ಅಲರ್ಜಿ ಇವುಗಳ ಬಗ್ಗೆ ಅದರಲ್ಲೇ ಕೇಳಿರುತ್ತೇನೆ. ಮೊಬೈಲ್ ಸಂಖ್ಯೆ ಯಾರದು ಎಂಬುದನ್ನೂ ಬರೆಸುತ್ತೇನೆ. ಹಗಲು ಹೊತ್ತು ಆ ಮೊಬೈಲ್ ಹೊಲದಲ್ಲಿರುವ ತಂದೆಯ ಜೇಬಿನಲ್ಲಿದ್ದರೆ ಸಂಜೆಯೇ ಕರೆ ಮಾಡಬೇಕಲ್ಲವೇ?

ತಪಾಸಣೆ ನಡೆಯುವುದು ಜಗಲಿಯ ಬೆಳಕಿನಲ್ಲಿ. ಒಂದು ಮಗುವಿಗೆ ಸೋಂಕು ನಿವಾರಿಸಿದ ಒಂದು ಕನ್ನಡಿ. ಕನ್ನಡಿ ಮುಗಿದರೆ ಅಂದಿನ ಕೆಲಸವೂ ಮುಗಿಯಿತು. ಚೂಪಾದ ಸಲಾಕೆಯಿಂದ ಒತ್ತಿ ನೋಡುವುದಿಲ್ಲ, ಮೆತ್ತಗಾದ ಎನಾಮಲ್ ಅದರಿಂದ ಮುರಿಯಬಹುದು. ಈ ಭಾಗದ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಾಗಾಗಿ ಕಂದು ಕಲೆ ಕಂಡಾಗ ಹತ್ತಿಯಿಂದ ಒರೆಸಿ ನೋಡುತ್ತೇನೆ. ಎಡಬಲ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿ ಹರಡಿದ್ದರೆ ಸಾಮಾನ್ಯವಾಗಿ ಅದು ಕುಳಿಯಲ್ಲ, ಫ್ಲೋರೈಡ್‌ನಿಂದ ಬರುವ ಫ್ಲೋರೋಸಿಸ್. ಅದನ್ನು ನನ್ನ ಪಟ್ಟಿಯ ಬೇರೆ ಅಂಕಣದಲ್ಲಿ ಬರೆದುಕೊಳ್ಳುತ್ತೇನೆ.

ತಪಾಸಣೆಯ ನಂತರ ಮಗುವಿನ ಕೈಗೆ ಕೊಡುವ ರೆಫರಲ್ ಚೀಟಿ ಮೂರು ಬಣ್ಣದ್ದು. ಮುಖ ಊದಿ ಜ್ವರವಿದ್ದರೆ ಕೆಂಪು, ಅಂದೇ ಆಸ್ಪತ್ರೆಗೆ. ಕುಳಿ ಇದ್ದು ನೋವಿಲ್ಲದಿದ್ದರೆ ಹಳದಿ, ನಿಗದಿಪಡಿಸಿದ ದಿನಕ್ಕೆ. ಬಿಳಿ ಚೀಟಿಯಲ್ಲಿ ಹಲ್ಲುಜ್ಜುವ ಸಲಹೆ ಮಾತ್ರ.

ಮೂರನೇ ತರಗತಿಯ ಒಬ್ಬ ಹುಡುಗಿಯ ಕೆಳದವಡೆಯ ಹಲ್ಲಿನಲ್ಲಿ ಕುಳಿಯಿತ್ತು. ಹಳದಿ ಚೀಟಿ ಕೊಟ್ಟೆವು, ಅವಳು ಬರಲಿಲ್ಲ. ಕರೆ ಮಾಡಿದಾಗ ಅವಳ ತಾಯಿ, "ಹಾಲುಹಲ್ಲಲ್ಲವೇ ಡಾಕ್ಟ್ರೇ, ಹೇಗೂ ಬೀಳುತ್ತದೆ" ಎಂದರು. ಅದು ಆರನೇ ವಯಸ್ಸಿನ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ ಹುಟ್ಟುವ ಶಾಶ್ವತ ದವಡೆ ಹಲ್ಲು. ಯಾವ ಹಾಲುಹಲ್ಲೂ ಬೀಳದೆಯೇ ಬರುವುದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. "ಇದು ಬಿದ್ದರೆ ಮತ್ತೆ ಹುಟ್ಟುವುದಿಲ್ಲ ತಾಯಿ" ಎಂದಾಗ ಆಕೆ ಮುಂದಿನ ಸರದಿಗೆ ಬಂದರು. ಕುಳಿ ನರದವರೆಗೆ ಹೋಗಿರಲಿಲ್ಲ, ಒಂದೇ ಭೇಟಿಯಲ್ಲಿ ತುಂಬಿಸಿದೆವು. ಅಂದಿನಿಂದ ಇಂಥ ಹಲ್ಲಿಗೆ ಕೊಡುವ ಹಳದಿ ಚೀಟಿಯ ಮೇಲೆ "ಇದು ಶಾಶ್ವತ ಹಲ್ಲು" ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದೇವೆ.

ಚೀಟಿಯ ಕೆಳಭಾಗ ಹರಿಯುವಂತಿದೆ. ಚಿಕಿತ್ಸೆ ಮಾಡಿದವರು ಅದರಲ್ಲಿ ಮಾಡಿದ ಕೆಲಸ ಮತ್ತು ಮುಂದಿನ ದಿನಾಂಕ ಬರೆದು ಮಗುವಿನ ಕೈಯಲ್ಲೇ ತರಗತಿ ಶಿಕ್ಷಕರಿಗೆ ಕಳುಹಿಸುತ್ತಾರೆ. ತಿಂಗಳ ನಂತರ ನಾನು ಶಾಲೆಗೆ ಹೋಗಿ ಆ ತುಂಡುಗಳನ್ನು ನನ್ನ ಪಟ್ಟಿಯೊಂದಿಗೆ ಹೋಲಿಸುತ್ತೇನೆ. ಬೇರುನಾಳ ಚಿಕಿತ್ಸೆ ಶುರುವಾಗಿ ಅರ್ಧಕ್ಕೆ ನಿಂತವರ ಹೆಸರನ್ನು ಮೇಲೆ ಬರೆದುಕೊಳ್ಳುತ್ತೇನೆ. ಭೇಟಿಗಳ ನಡುವೆ ಹಲ್ಲನ್ನು ಮುಚ್ಚಿಡುವ ತಾತ್ಕಾಲಿಕ ಸಿಮೆಂಟ್ ಸವೆದರೆ ಒಳಗೆ ಮತ್ತೆ ಸೋಂಕು ತಗಲುತ್ತದೆ, ಆದ್ದರಿಂದ ಸಂಜೆಯ ಮೊದಲ ಕರೆಗಳು ಅವರ ಮನೆಗಳಿಗೇ.